ಆಷಾಢದ ಗಾಳಿಗೆ ಸಿಕ್ಕಿದ ಜೀರುಂಡೆ

ಇರುವೆ ಮತ್ತು ಮಿಡತೆಯ ಕತೆಯನ್ನು ಕೇಳದ ಮಕ್ಕಳು ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಗಳ ಕನ್ನಡ ಶಾಲೆಗಳಲ್ಲಿ ವಿರಳ. ಬೇಸಗೆಯೆಲ್ಲ ಹಾಡಿಕೊಂಡಿದ್ದ ಮಿಡತೆ ಚಳಿಗಾಲದಲ್ಲಿ ಹಸಿದು ಇರುವೆಯ ಬಾಗಿಲಿಗೆ ಬರುತ್ತದೆ. ಇರುವೆ ಅದಕ್ಕೆ ಬುದ್ಧಿ ಹೇಳಿ ಕಳುಹಿಸುತ್ತದೆ. ಕತೆ ಸರಳವಾದದ್ದೇ. ಆದರೆ ರಾಗಿ ಬೆಳೆಯುವ ಮನೆಯ ಮಗುವಿಗೆ ಇಲ್ಲೊಂದು ಸಂದೇಹ ಹುಟ್ಟಬೇಕು. ಚಳಿಗಾಲದಲ್ಲಿ ಹಸಿವೇಕೆ? ಆ ಸೀಮೆಯಲ್ಲಿ ಆಷಾಢ ಶ್ರಾವಣಗಳಲ್ಲಿ ಬಿತ್ತಿದ ಮಳೆಯಾಧಾರದ ರಾಗಿ ಕಟಾವಿಗೆ ಬರುವುದು ಕಾರ್ತಿಕ ಮಾರ್ಗಶಿರಗಳಲ್ಲಿ. ಚಳಿ ಬಿಗಿಯಾಗುವ ಹೊತ್ತಿಗೆ ಕಣ ತುಂಬಿರುತ್ತದೆ. ಸಂಕ್ರಾಂತಿಗೆ ಮನೆಯೂ ತುಂಬಿರುತ್ತದೆ. ವರ್ಷದಲ್ಲಿ ಯಾರೂ ಉಪವಾಸವಿರಬೇಕಾಗಿಲ್ಲದ ಕಾಲವೊಂದಿದ್ದರೆ ಅದು ಚಳಿಗಾಲವೇ. ಅಂಥ ಕಾಲದಲ್ಲಿ ಮಿಡತೆ ಹಸಿದು ಬಂದಿತೆಂದು ಓದುವ ಮಗು ಅದನ್ನು ಪಾಠದಲ್ಲಿ ಬರೆದಿರುವ ಕಾರಣಕ್ಕೆ ಒಪ್ಪಿಕೊಳ್ಳುತ್ತದೆಯೇ ಹೊರತು ಕಂಡದ್ದರಿಂದಲ್ಲ.

ಕತೆಯ ದಾರಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋದರೆ ಈ ತೊಡಕಿನ ಮೂಲ ಸಿಗುತ್ತದೆ. ಫ್ರಾನ್ಸಿನ ಶಾತೋ ತಿಯೆರಿ ಎಂಬ ಊರಿನಲ್ಲಿ 1621ರಲ್ಲಿ ಹುಟ್ಟಿದ ಝಾನ್ ದ ಲಾ ಫೊಂತೇನ್ 1668ರಲ್ಲಿ ತನ್ನ ಪ್ರಾಣಿಕತೆಗಳ ಮೊದಲ ಸಂಪುಟವನ್ನು ಪ್ರಕಟಿಸಿ, ಆಗ ಆರು ವರ್ಷದ ಬಾಲಕನಾಗಿದ್ದ ರಾಜಕುಮಾರನಿಗೆ ಅರ್ಪಿಸಿದ. ಆ ಸಂಪುಟದ ಮೊಟ್ಟಮೊದಲ ಕತೆಯೇ ಇದು. ಬರಿಯ 22 ಸಾಲುಗಳ ಪದ್ಯರೂಪದ ಕತೆ. ಫ್ರಾನ್ಸಿನ ಮಕ್ಕಳು ಇಂದಿಗೂ ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುತ್ತಾರೆ. ಇದು ಲಾ ಫೊಂತೇನನ ಸ್ವಂತ ಕಲ್ಪನೆಯಲ್ಲ. ಗ್ರೀಕರ ಈಸೋಪನ ಹೆಸರಿನಲ್ಲಿ ಉಳಿದು ಬಂದದ್ದನ್ನು ಅವನು ತನ್ನ ದೇಶದ ಮಾತಿಗೆ, ತನ್ನ ದೇಶದ ಹವೆಗೆ ಒಗ್ಗಿಸಿಕೊಂಡ. ಅಂದರೆ ಇಂದು ಕನ್ನಡಕ್ಕೆ ತರುವವನು ಮಾಡಬೇಕಾದ ಕೆಲಸವನ್ನು ಅವನು ಮುನ್ನೂರೈವತ್ತು ವರ್ಷಗಳ ಹಿಂದೆಯೇ ಒಮ್ಮೆ ಮಾಡಿ ಮುಗಿಸಿದ್ದ.

ಫ್ರೆಂಚ್ ಕತೆಯಲ್ಲಿ ಮಿಡತೆ ಇಲ್ಲವೇ ಇಲ್ಲ. ಅಲ್ಲಿರುವುದು ಸಿಗಾಲ್, ಎಂದರೆ ಮರದ ತೊಗಟೆಗೆ ಅಂಟಿ ಕುಳಿತು ಬೇಸಗೆಯ ಬಿಸಿಲಿನಲ್ಲಿ ಎಡೆಬಿಡದೆ ಜೀಂಕರಿಸುವ ಜೀರುಂಡೆ. ಈಸೋಪನ ಕತೆಯಲ್ಲಿಯೂ ಅದೇ ಕೀಟ. ಇಂಗ್ಲೆಂಡಿನವರಿಗೆ ಈ ಕೀಟದ ಪರಿಚಯ ಇಲ್ಲವೆನ್ನುವಷ್ಟು ಕಡಮೆಯಾದ್ದರಿಂದ ಇಂಗ್ಲಿಷಿನಲ್ಲಿ ಅದು ಮಿಡತೆಯಾಯಿತು. ಕನ್ನಡಕ್ಕೆ ಈ ಕತೆ ಬಹುಮಟ್ಟಿಗೆ ಇಂಗ್ಲಿಷಿನ ದಾರಿಯಿಂದ ಬಂದುದರಿಂದ ಇಲ್ಲಿಯೂ ಮಿಡತೆಯೇ ನಿಂತಿತು. ವಿಚಿತ್ರವೆಂದರೆ, ತಳಿ ಅಂಚೆಟ್ಟಿಗಳ ಕಾಡಂಚಿನಲ್ಲಿ ಬೆಳೆದ ಮಗುವಿಗೆ ಲಂಡನ್ನಿನ ಮಿಡತೆಗಿಂತ ಫ್ರಾನ್ಸಿನ ಜೀರುಂಡೆಯೇ ಹತ್ತಿರದ್ದು. ಚೈತ್ರ ವೈಶಾಖಗಳ ಮಧ್ಯಾಹ್ನ ಮರದೊಳಗಿಂದ ಬರುವ ಆ ದನಿಯನ್ನು ಅದು ಕೇಳಿಯೇ ಇರುತ್ತದೆ. ಊರಿನ ತಮಿಳು ಗೆಳೆಯರಿಂದ ಅದಕ್ಕೆ ಸಿಳ್‌ವಂಡು ಎಂಬ ಹೆಸರನ್ನೂ ಕಲಿತಿರುತ್ತದೆ. ಮಿಡತೆಯನ್ನು ಕೈಬಿಟ್ಟು ಜೀರುಂಡೆಯನ್ನು ಮರಳಿ ತರುವುದು ಆದ್ದರಿಂದ ಅನುವಾದದ ಮೊದಲ ಹೆಜ್ಜೆ. ಒಂದು ಎಚ್ಚರ ಮಾತ್ರ ಅಗತ್ಯ. ಕನ್ನಡದಲ್ಲಿ ಜೀರುಂಡೆಯೆಂಬ ಮಾತು ಗಟ್ಟಿ ಕವಚದ ದುಂಬಿಜಾತಿಯ ಹುಳುಗಳಿಗೂ ಸಲ್ಲುತ್ತದೆ. ಹೀಗಾಗಿ ಕತೆಯ ಮೊದಲ ವಾಕ್ಯದಲ್ಲಿಯೇ ಅದನ್ನು ಮರದ ಮೇಲೆ ಕೂರಿಸಿ ಹಾಡಿಸಿಬಿಡಬೇಕು. ಆಗ ಯಾವ ಜೀರುಂಡೆಯೆಂದು ಮಗು ಕೇಳುವುದಿಲ್ಲ.

ಇನ್ನು ಋತುವಿನ ಪ್ರಶ್ನೆ. ಹೆಸರು, ತಿನಿಸುಗಳನ್ನು ಬದಲಿಸುವುದು ಬಟ್ಟೆ ಬದಲಿಸಿದಂತೆ. ಋತುವನ್ನು ಬದಲಿಸುವುದು ಮೂಳೆಗೆ ಕೈಹಾಕಿದಂತೆ. ಲಾ ಫೊಂತೇನ್ ಚಳಿಗಾಲವೆಂಬ ಪದವನ್ನೇ ಬಳಸಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಜೀರುಂಡೆ ಬೇಸಗೆಯೆಲ್ಲ ಹಾಡಿತು, ಬೀಝ್ ಬಂದಾಗ ಬರಿಗೈಯಾಯಿತು ಎಂದಷ್ಟೇ ಅವನು ಹೇಳುತ್ತಾನೆ. ಬೀಝ್ ಎಂದರೆ ಉತ್ತರದಿಂದ ಬೀಸುವ ಕೊರೆಯುವ ಗಾಳಿ. (ಕನ್ನಡದ ಬೀಸು ಧಾತುವಿಗೂ ಅದಕ್ಕೂ ಯಾವ ನಂಟೂ ಇಲ್ಲ, ಆದರೂ ಅನುವಾದಕನಿಗೆ ಅದೊಂದು ಶುಭಶಕುನದಂತೆ ಕಂಡರೆ ತಪ್ಪಲ್ಲ.) ಕತೆಯನ್ನು ತಿರುಗಿಸುವುದು ಒಂದು ಗಾಳಿ. ಹೊಸೂರು ಪ್ರಸ್ಥಭೂಮಿಯಲ್ಲಿ ಅಂಥದೇ ಕಾರುಬಾರು ನಡೆಸುವ ಗಾಳಿ ಯಾವುದೆಂದು ಕೇಳಿದರೆ ಉತ್ತರ ಒಂದೇ: ಆಷಾಢದ ಗಾಳಿ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರೀತೆಂದು ತಮಿಳರು ಗಾದೆ ಕಟ್ಟಿರುವುದು ಇದೇ ಗಾಳಿಯನ್ನು ಕುರಿತು.

ಆಷಾಢ ಬರಿಯ ಗಾಳಿಯ ತಿಂಗಳಲ್ಲ. ಹಿಂದಿನ ಸುಗ್ಗಿಯ ರಾಗಿ ತಳ ಕಾಣುವುದೂ, ಮನೆಯಲ್ಲಿದ್ದ ಒಳ್ಳೆಯ ಕಾಳು ಬಿತ್ತನೆಗೆಂದು ಹೊಲಕ್ಕೆ ಹೋಗುವುದೂ ಅದೇ ಕಾಲದಲ್ಲಿ. ಹೊಸ ಬೆಳೆ ಇನ್ನೂ ನೆಲದಲ್ಲಿ. ಹಳೆಯದು ಮುಗಿಯುತ್ತ ಬಂದಿದೆ. ನೆರೆಮನೆಯಿಂದ ಕಾಳು ಕಡ ತರುವ ಪದ್ಧತಿಯಿದ್ದ ದಿನಗಳಲ್ಲಿ ಅದು ಕಡದ ಕಾಲವಾಗಿತ್ತು. ಹೀಗೆ ಫ್ರಾನ್ಸಿನ ಚಳಿಗಾಲ ಆ ಕತೆಯಲ್ಲಿ ಮಾಡುವ ಕೆಲಸವನ್ನೆಲ್ಲ ರಾಗಿಯ ಸೀಮೆಯಲ್ಲಿ ಆಷಾಢ ಮಾಡುತ್ತದೆ. ಜೀರುಂಡೆಗಳ ಬೇಸಗೆಯ ಹಾಡು ಮುಗಿಯುವುದೂ ಮಳೆಗಾಲ ಹಿಡಿದುಕೊಳ್ಳುವ ಹೊತ್ತಿಗೇ ಆದ್ದರಿಂದ ಪ್ರಕೃತಿಯೂ ಅಡ್ಡ ಬರುವುದಿಲ್ಲ. ಈ ಮಕ್ಕಳು ಎರಡು ಪಂಚಾಂಗಗಳ ನಡುವೆ ಬೆಳೆಯುವವರೆಂಬುದನ್ನು ಮಾತ್ರ ಮರೆಯಬಾರದು. ಕನ್ನಡದ ಆಷಾಢ ಚಾಂದ್ರಮಾಸ. ತಮಿಳಿನ ಆಡಿ ಸೌರಮಾಸ, ಜುಲೈ ನಡುವಿನಲ್ಲಿ ಹುಟ್ಟುತ್ತದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಕತೆಯಲ್ಲಿ ಗಾಳಿಯನ್ನು ಹೆಸರಿಸಿದರೆ ಸಾಕು, ತಾರೀಖಿಗೆ ಹೋಗದಿರುವುದು ಲೇಸು.

ಗಾಳಿಯನ್ನು ಬದಲಿಸಿದೊಡನೆ ಸಾಲದ ವಾಯಿದೆಯನ್ನೂ ಬದಲಿಸಬೇಕಾಗುತ್ತದೆ. ಅವಸರದ ಅನುವಾದಗಳು ಎಡವುವುದು ಇಲ್ಲಿಯೇ. ಮೂಲದಲ್ಲಿ ಜೀರುಂಡೆ ಬೇಡುವುದು ಭಿಕ್ಷೆಯನ್ನಲ್ಲ, ಸಾಲವನ್ನು. ಹೊಸ ಕಾಲ ಬರುವತನಕ ಬದುಕಲು ನಾಲ್ಕು ಕಾಳು ಕೊಡು, ಆಗಸ್ಟಿಗೆ ಮುನ್ನ ಅಸಲು ಬಡ್ಡಿ ಎರಡನ್ನೂ ತೀರಿಸುತ್ತೇನೆ ಎಂಬುದು ಅದರ ಒಪ್ಪಂದ. ಫ್ರಾನ್ಸಿನ ಹಳ್ಳಿಗನಿಗೆ ಆಗಸ್ಟ್ ಎಂದರೆ ಗೋಧಿಯ ಕೊಯ್ಲು. ಆ ತಿಂಗಳ ಹೆಸರೇ ಸುಗ್ಗಿಗೆ ಪರ್ಯಾಯವಾಗಿತ್ತು. ಅದನ್ನು ಕನ್ನಡದಲ್ಲಿಯೂ ಆಗಸ್ಟ್ ಎಂದೇ ಉಳಿಸಿದರೆ ಏನಾಗುತ್ತದೆ? ಡೆಂಕಣಿಕೋಟೆಯ ಹೊಲದಲ್ಲಿ ಆಗಸ್ಟಿನ ರಾಗಿ ಗೇಣುದ್ದದ ಪೈರು. ಆಗ ಸಾಲ ತೀರಿಸುತ್ತೇನೆನ್ನುವವನನ್ನು ಮೋಸಗಾರನೆಂದೋ ಹುಚ್ಚನೆಂದೋ ತಿಳಿಯಬೇಕಾಗುತ್ತದೆ. ಮೂಲದ ಜೀರುಂಡೆ ಅಂಥದ್ದಲ್ಲ. ಅದು ಸುಗ್ಗಿಯ ಲೆಕ್ಕವನ್ನು ಬಲ್ಲದ್ದು. ಕೊಡಲಾಗುವ ಕಾಲವನ್ನೇ ಹೇಳುತ್ತಿದೆ. ಆದ್ದರಿಂದ ಕನ್ನಡದಲ್ಲಿ ಅದು ‘ಹೊಸ ರಾಗಿ ಕಣಕ್ಕೆ ಬೀಳುವ ಮುನ್ನ’ ಎನ್ನಬೇಕು. ಆಷಾಢದಿಂದ ಮಾರ್ಗಶಿರಕ್ಕೆ ಐದು ತಿಂಗಳು. ಕಾಳಿನ ಕಡಕ್ಕೆ ನಂಬಬಹುದಾದ ವಾಯಿದೆ.

ತಿನಿಸಿನ ವಿಷಯದಲ್ಲಿ ಮೂಲವೇ ಸ್ವಲ್ಪ ಸಡಿಲ. ನೊಣದ ಚೂರಾಗಲಿ ಹುಳುವಿನ ಚೂರಾಗಲಿ ಮನೆಯಲ್ಲಿಲ್ಲವೆಂದು ಮೊದಲು ಹೇಳಿ, ಬೇಡುವಾಗ ಮಾತ್ರ ಜೀರುಂಡೆ ಧಾನ್ಯವನ್ನು ಬೇಡುತ್ತದೆ. ಫ್ರಾನ್ಸಿನ ಮಹಾ ಕೀಟವೀಕ್ಷಕ ಝಾನ್ ಆನ್ರಿ ಫಾಬ್ರ್ (1823-1915) ಇದನ್ನು ಕಂಡು ಸುಮ್ಮನಿರಲಿಲ್ಲ. ಜೀರುಂಡೆ ನೊಣವನ್ನೂ ತಿನ್ನದು, ಕಾಳನ್ನೂ ತಿನ್ನದು. ತೊಗಟೆಯನ್ನು ಚುಚ್ಚಿ ಮರದ ರಸ ಹೀರುವುದೇ ಅದರ ಆಹಾರ. ಚಳಿಗಾಲದವರೆಗೆ ಅದು ಬದುಕುವುದೂ ಇಲ್ಲ. ಅದು ಕೊರೆದ ತೂತಿನ ರಸಕ್ಕೆ ಮುತ್ತಿ ಕಾಡುವುದು ಇರುವೆಯೇ ಎಂದು ಅವನು ಬರೆದ. ಚಿತ್ರಕಾರ ಗ್ರಾಂವಿಲ್ ಈ ಕತೆಗೆ ಮಿಡತೆಯ ಚಿತ್ರ ಬರೆದದ್ದನ್ನೂ ಅವನು ಎತ್ತಿ ತೋರಿಸಿದ. ಅವನ ಮತ್ತೊಂದು ಊಹೆ ಭಾರತದ ಓದುಗರಿಗೆ ಸ್ವಾರಸ್ಯಕರ: ಈ ಕತೆ ಮೊದಲು ಹುಟ್ಟಿದ್ದು ಭಾರತದಲ್ಲಿರಬೇಕು, ಪ್ರಾಣಿಗಳನ್ನು ಚೆನ್ನಾಗಿ ಬಲ್ಲ ಆ ಜನ ಇಂಥ ತಪ್ಪು ಮಾಡುವವರಲ್ಲ, ಅಲ್ಲಿ ಬೇರೆ ಯಾವುದೋ ಕೀಟವಿದ್ದಲ್ಲಿ ಗ್ರೀಕರು ತಮಗೆ ಪರಿಚಿತವಾದ ಜೀರುಂಡೆಯನ್ನು ಕೂರಿಸಿದರು ಎಂದು. ಅದು ಊಹೆಯೇ ಸರಿ. ನಿಜವಾದರೆ ಕತೆ ಊರಿಗೆ ಮರಳಿ ಬರುತ್ತಿದೆಯೆನ್ನಬೇಕು.

ಫಾಬ್ರನ ಮಾತನ್ನು ಪೂರ್ತಿ ಒಪ್ಪಿ ಕತೆಯನ್ನು ತಿದ್ದಹೊರಟರೆ ಕತೆಯೇ ಉಳಿಯದು. ರಸ ಹೀರುವ ಕೀಟಕ್ಕೆ ಕಾಳಿನ ಸಾಲವೇಕೆ? ಹುಳುಗಳು ಮಾತನಾಡುವುದನ್ನು ಒಪ್ಪಿದ ಮಗು ಅವು ರಾಗಿ ತಿನ್ನುವುದನ್ನೂ ಒಪ್ಪುತ್ತದೆ. ನೊಣದ ಮಾತನ್ನು ಬಿಟ್ಟು ಎಲ್ಲವನ್ನೂ ಕಾಳಿಗೇ ತಂದರೆ ಗೊಂದಲ ಕಳೆಯುತ್ತದೆ. ಗೋಧಿಗಿಂತ ರಾಗಿ ಇಲ್ಲಿ ಸಹಜವೆಂಬುದಕ್ಕೆ ಬೆಳೆಯೊಂದೇ ಕಾರಣವಲ್ಲ. ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವ ಧಾನ್ಯ. ಹಿಂದಿನವರು ಅದನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಇರುವೆಯ ಗೂಡೂ ನೆಲದೊಳಗಿನದೇ. ‘ಉಗ್ರಾಣ’ ಎಂಬ ಮಾತಿಗಿಂತ ಹಗೇವು ಎಂಬ ಮಾತು ಅಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ಮೂಲದಲ್ಲಿಯೇ ಇದ್ದ ಪದವೇನೋ ಎನಿಸುತ್ತದೆ. ಇಂದಿನ ಮಕ್ಕಳು ಹಗೇವನ್ನು ಕಂಡಿರಲಾರರು, ಅಜ್ಜಿಯನ್ನು ಕೇಳಲಿ.

ಒಂದೆಡೆ ಮಾತ್ರ ಹೊಂದಾಣಿಕೆ ಕಷ್ಟವಾಗುತ್ತದೆ. ಫ್ರಾನ್ಸಿನಲ್ಲಿ ಜೀರುಂಡೆ ಹಾಡುವ ಕಾಲವೂ ಕೊಯ್ಲಿನ ಕಾಲವೂ ಒಂದೇ. ಅದು ಹಾಡುತ್ತಿದ್ದಾಗ ಇರುವೆ ಕೂಡಿಡುತ್ತಿತ್ತು ಎಂಬುದು ತಾನಾಗಿಯೇ ಹೊಂದುತ್ತದೆ. ಇಲ್ಲಿ ಜೀರುಂಡೆ ಹಾಡಲು ಕೂರುವ ಹೊತ್ತಿಗೆ ರಾಗಿಯ ಕಣ ಬರಿದಾಗಿ ಎರಡು ತಿಂಗಳಾಗಿರುತ್ತದೆ. ಈ ಬಿರುಕನ್ನು ಮುಚ್ಚಲು ಸುಗ್ಗಿಯನ್ನು ಬೇಸಗೆಗೆ ಎಳೆದು ತಂದರೆ ರೈತರ ಮಕ್ಕಳು ನಗುತ್ತಾರೆ. ಕಣದ ಅಂಚಿನಲ್ಲಿ ಚೆಲ್ಲಿ ಉಳಿದ ಕಾಳು, ಬದುವಿನ ಒಣಹುಲ್ಲಿನ ಬೀಜ, ಇವನ್ನು ಇರುವೆ ಬೇಸಗೆಯಲ್ಲಿ ಆರಿಸುವಂತೆ ಮಾಡುವುದೇ ಪ್ರಾಮಾಣಿಕ ಪರಿಹಾರ. ಇರುವೆಗಳು ಮಾಡುವುದೂ ಅದನ್ನೇ.

ಹೆಸರುಗಳ ಮಾತು ಕೊನೆಗೆ ಬಂದರೂ ಚಿಕ್ಕದಲ್ಲ. ಪರದೇಶದ ಕತೆಯನ್ನು ಊರಿನದನ್ನಾಗಿ ಮಾಡಿದ ದೊಡ್ಡ ಮಾದರಿ ಕನ್ನಡಿಗರಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ರಾಬರ್ಟ್ ಬ್ರೌನಿಂಗನ ಕವನದ ಹ್ಯಾಮೆಲಿನ್ ಅಲ್ಲಿ ಬೊಮ್ಮನಹಳ್ಳಿಯಾಯಿತು, ವೇಸರ್ ಹೊಳೆ ತುಂಗೆಯಾಯಿತು. ಇಲಿಗಳ ಕಾಟ, ಕೊಟ್ಟ ಮಾತು, ಮುರಿದ ಮಾತು ಮಾತ್ರ ಅಲುಗಲಿಲ್ಲ. ಆ ಧೈರ್ಯದಿಂದ ಇರುವೆಗೂ ಜೀರುಂಡೆಗೂ ಗೌರಮ್ಮ, ಸುಬ್ಬಮ್ಮ ಎಂದು ನಾಮಕರಣ ಮಾಡುವ ಆಸೆ ಹುಟ್ಟಬಹುದು. ಮೂಲದಲ್ಲಿ ಹೆಸರುಗಳಿಲ್ಲ, ಫ್ರೆಂಚ್ ವ್ಯಾಕರಣದಲ್ಲಿ ಎರಡು ಕೀಟಗಳೂ ಸ್ತ್ರೀಲಿಂಗವಾದ್ದರಿಂದ ಅವು ಅಕ್ಕಪಕ್ಕದ ಮನೆಯ ಹೆಂಗಸರಂತೆ ಕೇಳಿಸುತ್ತವೆ, ಅಷ್ಟೆ. ಹೆಸರಿಟ್ಟರೆ ಮರುದಿನ ತರಗತಿಯಲ್ಲಿ ಆ ಹೆಸರಿನ ಹುಡುಗಿಯ ಪಾಡು ಕಷ್ಟ. ಕನ್ನಡದಲ್ಲಿ ಈ ನೆರೆಹೊರೆತನವನ್ನು ಸಂಬೋಧನೆಯೊಂದರಿಂದಲೇ ತರಬಹುದು: ಜೀರುಂಡೆ ‘ಇರುವಕ್ಕಾ’ ಎಂದು ಕರೆದರೆ ಸಾಕು. ನಿರೂಪಣೆಯಲ್ಲಿ ‘ಅದು’ ಎಂಬುದೇ ಇರಲಿ.

ಇರುವೆಯ ಉತ್ತರದಲ್ಲಿ ಇನ್ನೂ ಸೂಕ್ಷ್ಮವಾದುದೊಂದಿದೆ. ಫ್ರೆಂಚಿನಲ್ಲಿಯೂ ಕನ್ನಡದಂತೆ ನೀನು, ನೀವು ಎಂಬ ಭೇದವುಂಟು. ಇಂಗ್ಲಿಷಿನಲ್ಲಿ ಇಂದು ಅದಿಲ್ಲ. ಲಾ ಫೊಂತೇನನ ಇರುವೆ ಸಾಲ ನಿರಾಕರಿಸುವಾಗ ಜೀರುಂಡೆಯನ್ನು ಬಹುವಚನದಲ್ಲಿ ಮಾತನಾಡಿಸುತ್ತದೆ. ಬೈಯುವುದಿಲ್ಲ, ಗದರುವುದಿಲ್ಲ; ಬಹಳ ಮರ್ಯಾದೆಯಿಂದ ಬಾಗಿಲು ಮುಚ್ಚುತ್ತದೆ. ಕುಟುಕಿರುವುದು ಆ ಮರ್ಯಾದೆಯಲ್ಲಿಯೇ. ಇಂಗ್ಲಿಷಿನಿಂದ ಅನುವಾದಿಸುವವನು ಅರಿಯದೆ ‘ನೀನು’ ಎಂದು ಬರೆದುಬಿಡುತ್ತಾನೆ, ಇರುವೆ ಜಗಳಗಂಟಿಯಾಗುತ್ತದೆ. ಇಷ್ಟನ್ನೆಲ್ಲ ಗಮನದಲ್ಲಿಟ್ಟು ಕತೆಯನ್ನು ಗದ್ಯದಲ್ಲಿ ಹೇಳಿದರೆ ಅದು ಸರಿಸುಮಾರು ಹೀಗೆ ಬರುತ್ತದೆ.

ಹೊಲದ ಬದುವಿನ ಹುಣಸೆಮರದ ಮೇಲೆ ಒಂದು ಜೀರುಂಡೆ ಹಾಡುತ್ತ ಕುಳಿತಿತ್ತು. ಚೈತ್ರವೆಲ್ಲ ಹಾಡಿತು. ವೈಶಾಖವೆಲ್ಲ ಹಾಡಿತು. ಅದೇ ಮರದ ಬುಡದಲ್ಲಿ ಇರುವೆಯ ಮನೆ. ಕಣದಂಚಿನಲ್ಲಿ ಉಳಿದ ರಾಗಿಕಾಳು, ಒಣಹುಲ್ಲಿನ ಬೀಜ, ಸಿಕ್ಕಿದ್ದನ್ನೆಲ್ಲ ಇರುವೆ ಹೊತ್ತು ತಂದು ಹಗೇವಿಗೆ ಇಳಿಸುತ್ತಿತ್ತು.

ಒಂದು ದಿನ ಆಷಾಢದ ಗಾಳಿ ಎದ್ದಿತು. ಹುಣಸೆಯ ಕೊಂಬೆಗಳು ತೂಗಾಡಿದವು. ಜೀರುಂಡೆಯ ಹಾಡು ಗಾಳಿಯಲ್ಲಿ ಕೇಳಿಸಲೇ ಇಲ್ಲ. ಹಸಿವಾಗಿ ಮನೆಯೊಳಗೆ ನೋಡಿಕೊಂಡಿತು. ಒಂದು ಕಾಳೂ ಇಲ್ಲ. ಮೆಲ್ಲನೆ ಮರದಿಂದಿಳಿದು ಇರುವೆಯ ಬಾಗಿಲು ತಟ್ಟಿತು.

“ಇರುವಕ್ಕಾ, ಮನೆಯಲ್ಲಿ ಏನೂ ಇಲ್ಲ. ನಾಲ್ಕು ಕಾಳು ಕಡ ಕೊಡಿ. ಹೊಸ ರಾಗಿ ಕಣಕ್ಕೆ ಬೀಳುವ ಮುನ್ನ ಅಸಲನ್ನೂ ಬಡ್ಡಿಯನ್ನೂ ತಂದೊಪ್ಪಿಸುತ್ತೇನೆ. ನನ್ನ ದನಿಯಾಣೆ!”

ಇರುವೆಗೆ ಅನೇಕ ಗುಣಗಳಿದ್ದವು; ಕಡ ಕೊಡುವ ಗುಣ ಮಾತ್ರ ಇರಲಿಲ್ಲ.

“ಬೇಸಗೆಯಲ್ಲಿ ತಾವು ಏನು ಮಾಡುತ್ತಿದ್ದಿರಿ?” ಎಂದು ಅದು ಕೇಳಿತು.

“ಹಗಲೂ ಇರುಳೂ ಬಂದವರಿಗೆಲ್ಲ ಹಾಡು ಹೇಳುತ್ತಿದ್ದೆನಕ್ಕಾ.”

“ಹಾಡೇ! ಕೇಳಿ ಬಹಳ ಆನಂದವಾಯಿತು. ಗಾಳಿ ಚೆನ್ನಾಗಿಯೇ ಬೀಸುತ್ತಿದೆ. ಇನ್ನು ಕುಣಿಯಲೂಬಹುದಲ್ಲ” ಎಂದು ಹೇಳಿ ಇರುವೆ ಬಾಗಿಲು ಹಾಕಿಕೊಂಡಿತು.

ಕತೆ ಅಲ್ಲಿಗೆ ಮುಗಿಯುತ್ತದೆ. ಲಾ ಫೊಂತೇನ್ ಇದಕ್ಕೆ ನೀತಿಯ ಸಾಲನ್ನು ಸೇರಿಸಲಿಲ್ಲ. ‘ದನಿಯಾಣೆ’ ಎಂಬುದು ಮಾತ್ರ ಮೂಲದಲ್ಲಿಲ್ಲ. ಅಲ್ಲಿ ಜೀರುಂಡೆ, ದೊಡ್ಡ ಮನೆತನದವರು ತಮ್ಮ ಕುಲದ ಮೇಲೆ ಮಾತು ಕೊಡುವ ಠೀವಿಯಲ್ಲಿ, ತನ್ನ ಪ್ರಾಣಿತನದ ಮೇಲೆಯೇ ಮಾತು ಕೊಡುತ್ತದೆ. ಆ ವಿನೋದ ಕನ್ನಡದಲ್ಲಿ ನಿಲ್ಲದು. ಆಸ್ತಿಯೆಂದು ದನಿಯೊಂದನ್ನೇ ಉಳ್ಳ ಕೀಟ ಅದನ್ನೇ ಒತ್ತೆಯಿಟ್ಟು ಆಣೆ ಮಾಡಿದರೆ ಅದಕ್ಕೆ ಸಮನಾದ ನಗೆಯೂ, ತುಸು ಮರುಕವೂ ದೊರೆಯುತ್ತವೆ. ಕಡ ಕೊಡದ ಗುಣವನ್ನು ಕುರಿತ ಮಾತೂ ಮೂಲದಲ್ಲಿ ಇಬ್ಬಗೆಯಾಗಿದೆ. ಅದು ಇರುವೆಯ ದೋಷಗಳಲ್ಲಿ ಅತಿ ಚಿಕ್ಕದೆಂದು ಕವಿ ಹೇಳುತ್ತಾನೆ. ಹೊಗಳಿಕೆಯೋ ಚುಚ್ಚುಮಾತೋ ಎಂದು ಫ್ರೆಂಚರು ಇಂದಿಗೂ ಚರ್ಚಿಸುತ್ತಾರೆ. ಕನ್ನಡದಲ್ಲಿ ಅದನ್ನು ಒಂದು ಕಡೆಗೆ ವಾಲಿಸಿ ನೇರಮಾಡುವುದು ಸುಲಭ, ಆದರೆ ಸಲ್ಲದು.

ಮಕ್ಕಳ ಕೈಗೆ ಇಂಥ ಕಠೋರ ಕತೆಯನ್ನು ಕೊಡಬಹುದೇ ಎಂಬ ಆಕ್ಷೇಪ ಹೊಸದಲ್ಲ. ರೂಸೊ ತನ್ನ ‘ಎಮಿಲ್’ ಗ್ರಂಥದಲ್ಲಿ 1762ರಲ್ಲಿಯೇ ಇದನ್ನೆತ್ತಿದ. ಜೀರುಂಡೆಯನ್ನು ನೋಡಿ ಮಕ್ಕಳು ಪಾಠ ಕಲಿಯುತ್ತಾರೆಂದು ಹಿರಿಯರು ಎಣಿಸುತ್ತಾರೆ, ಆದರೆ ಮಕ್ಕಳು ಗೆದ್ದವರ ಪಕ್ಷ ಹಿಡಿದು ಇರುವೆಯನ್ನೇ ಆರಿಸಿಕೊಳ್ಳುತ್ತಾರೆ. ಕೊಡದಿರುವುದನ್ನಷ್ಟೇ ಅಲ್ಲ, ಕೊಡದೆ ಹಂಗಿಸುವುದನ್ನೂ ಕಲಿಯುತ್ತಾರೆ ಎಂಬುದು ಅವನ ವಾದ. ಈ ಭಯದಿಂದಲೇ ಇರುವೆ ಕೊನೆಗೆ ಕರಗಿ ಊಟ ಬಡಿಸುವಂತೆ ತಿದ್ದಿದ ಪಾಠಗಳು ಬಂದವು. ರೂಸೊನ ವಾದಕ್ಕೆ ತೂಕವಿದೆ, ತಿದ್ದುಪಡಿಗೆ ಇಲ್ಲ. ಇರುವೆಯನ್ನು ಒಳ್ಳೆಯವಳನ್ನಾಗಿ ಮಾಡಿದ ಕ್ಷಣ ಮಗುವಿಗೆ ತಕರಾರು ಮಾಡಲು ಏನೂ ಉಳಿಯುವುದಿಲ್ಲ. ಬಾಗಿಲು ಮುಚ್ಚಿದ್ದಾಗಲೇ ಅದು ಕೇಳುವುದು: ನಾಲ್ಕು ಕಾಳು ಕೊಟ್ಟಿದ್ದರೆ ಹಗೇವು ಬರಿದಾಗುತ್ತಿತ್ತೇ? ಆ ಹಾಡನ್ನು ಇರುವೆಯೂ ಕೇಳಲಿಲ್ಲವೇ? ಆಣೆ ಮಾಡಿದ ಮೇಲೂ ನಂಬಬಾರದೇ? ಈ ಪ್ರಶ್ನೆಗಳನ್ನು ತರಗತಿಯಲ್ಲಿ ಹುಟ್ಟಲು ಬಿಡುವುದಕ್ಕಾಗಿ ಕೊನೆಯನ್ನು ಇದ್ದಂತೆಯೇ ಇಡಬೇಕು, ಕೆಳಗೆ ‘ನೀತಿ’ ಎಂದು ಗೆರೆ ಎಳೆಯಬಾರದು.

ಅನುವಾದ ಊರಿಗೆ ಒಗ್ಗಿತೇ ಇಲ್ಲವೇ ಎಂದು ತಿಳಿಯಲು ಓದಿದ ಮೇಲೆ ಮಗುವನ್ನು ಒಂದೇ ಪ್ರಶ್ನೆ ಕೇಳಿದರೆ ಸಾಕು: ಜೀರುಂಡೆಗೆ ಹಸಿವಾದದ್ದು ಏಕೆ? ‘ಕತೆಯಲ್ಲಿ ಹಾಗಿದೆ’ ಎಂದರೆ ಋತು ಇನ್ನೂ ಫ್ರಾನ್ಸಿನಲ್ಲಿಯೇ ಇದೆ. ‘ಆಗ ಯಾರ ಮನೆಯಲ್ಲೂ ರಾಗಿ ಇರುವುದಿಲ್ಲ’ ಎಂದರೆ ಕತೆ ದಾಟಿದೆ.

ಶಾಲೆಯ ವಾರ್ಷಿಕ ಸಂಚಿಕೆಗೆ ಇಂಥ ಅನುವಾದಗಳನ್ನು ಕೊಡಬಯಸುವ ಮನೆಗಳಿಗೆ ಕಾನೂನಿನ ಒಂದು ಮಾತು ಉಪಯೋಗಕ್ಕೆ ಬರಬಹುದು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಹಿತ್ಯಕೃತಿಯ ಹಕ್ಕು ಲೇಖಕನ ಮರಣದ ನಂತರ 60 ವರ್ಷ ಉಳಿಯುತ್ತದೆ. ಅನುವಾದ, ರೂಪಾಂತರಗಳೂ ಆ ಹಕ್ಕಿನೊಳಗೆ ಸೇರಿವೆ. ಲಾ ಫೊಂತೇನ್ ತೀರಿಕೊಂಡದ್ದು 1695ರಲ್ಲಿ. ಅವನ ಕತೆಯನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಡ. ಆದರೆ ಇತ್ತೀಚಿನ ಇಂಗ್ಲಿಷ್ ಅನುವಾದವನ್ನು ಮುಂದಿಟ್ಟುಕೊಂಡು ಅದರಿಂದ ಕನ್ನಡಕ್ಕೆ ತಂದರೆ ಆ ಅನುವಾದಕನ ಹಕ್ಕು ಅಡ್ಡ ಬರುತ್ತದೆ. ಹೊಸ ಪುಸ್ತಕದ ಬಣ್ಣದ ಚಿತ್ರವನ್ನು ನಕಲು ತೆಗೆದು ಅಚ್ಚು ಹಾಕಿದರೆ ಚಿತ್ರಕಾರನ ಹಕ್ಕು ಅಡ್ಡ ಬರುತ್ತದೆ. ಚಿತ್ರವನ್ನು ಮಕ್ಕಳೇ ಬರೆಯಲಿ. ಹುಣಸೆಮರ, ಗಾಳಿ, ಮುಚ್ಚಿದ ಒಂದು ಚಿಕ್ಕ ಬಾಗಿಲು ಇಷ್ಟು ಸಾಕು. ಕೀಟ ಮಾತ್ರ ಮಿಡತೆಯಾಗದಂತೆ ನೋಡಿಕೊಳ್ಳಬೇಕು: ಜೀರುಂಡೆಗೆ ಮಿಡತೆಯ ಉದ್ದನೆಯ ಹಿಂಗಾಲುಗಳಿಲ್ಲ, ಮೈಗಿಂತ ಉದ್ದವಾದ ಪಾರದರ್ಶಕ ರೆಕ್ಕೆಗಳಿವೆ.